ಕರೆಂಟು ಹೋದ ಮೇಲೆ ಬ್ಯಾಟರಿ ಎಷ್ಟು ಗಂಟೆ?

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಕರಾವಳಿಯ ಇನ್ವರ್ಟರ್ ಅಂಗಡಿಗಳಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಇದು ಎಷ್ಟು ಗಂಟೆ ಬರ್ತದೆ?’ ಅಂಗಡಿಯವರ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ನಿಮ್ಮ ಮನೆಗೆ ಆರೇಳು ಗಂಟೆ ಆರಾಮದಲ್ಲಿ ಬರ್ತದೆ.’ ಜೂನ್ ತಿಂಗಳ ಗಾಳಿಮಳೆಗೆ ಮರವೊಂದು ಲೈನಿನ ಮೇಲೆ ಬಿದ್ದ ರಾತ್ರಿ, ಏಳು ಗಂಟೆಗೆ ಕರೆಂಟು ಹೋದರೆ ಹನ್ನೊಂದೂವರೆಗೆಲ್ಲ ಇನ್ವರ್ಟರ್ ಕೂಗಲು ಶುರುಮಾಡುತ್ತದೆ. ಹೊರಗೆ ಮಳೆ ಸುರಿಯುತ್ತಿದ್ದರೂ ಒಳಗೆ ಸೆಕೆ. ಫ್ಯಾನು ನಿಂತರೆ ಮಗುವೂ ಮಲಗದು, ಮುದುಕರೂ ಮಲಗರು.

ಅಂಗಡಿಯವರು ಸುಳ್ಳು ಹೇಳಿರುವುದಿಲ್ಲ. ಬ್ಯಾಟರಿಯ ಮೇಲೆ ಮುದ್ರಿಸಿದ ಸಂಖ್ಯೆಯನ್ನು ಮನೆಯ ಲೋಡಿನಿಂದ ಭಾಗಿಸಿರುತ್ತಾರೆ, ಅಷ್ಟೇ. ಆ ಭಾಗಾಕಾರದಲ್ಲಿ ಮೂರು ವಿಷಯಗಳು ಬಿಟ್ಟುಹೋಗುತ್ತವೆ: ಬೇಗ ಬೇಗ ಎಳೆದರೆ ಬ್ಯಾಟರಿ ಕಡಿಮೆ ಕೊಡುತ್ತದೆ, ಹಳೆಯದಾದಂತೆ ಇನ್ನೂ ಕಡಿಮೆ ಕೊಡುತ್ತದೆ, ಮತ್ತು ಇನ್ವರ್ಟರ್ ತಾನೇ ಒಂದಿಷ್ಟು ತಿನ್ನುತ್ತದೆ. ಮೂರನೆಯದನ್ನು ಲೆಕ್ಕ ಹಾಕುವವರು ತೀರ ವಿರಳ. ಆದರೆ ಮಧ್ಯರಾತ್ರಿಯ ನಂತರ, ಮನೆಯ ಲೋಡು ಇಳಿದಾಗ, ಬ್ಯಾಟರಿಯನ್ನು ಬರಿದು ಮಾಡುವುದರಲ್ಲಿ ಅದರ ಪಾಲು ಸಣ್ಣದಲ್ಲ.

ಉಡುಪಿ ಕಡೆಯ ಒಂದು ಸಾಧಾರಣ ಮನೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 900 ವಿಎ ಇನ್ವರ್ಟರ್, ಅದಕ್ಕೆ 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ, ಕೊಂಡು ಎರಡು ವರ್ಷ ದಾಟಿದೆ. ಸಂಜೆ ಹೊತ್ತು 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, 75 ವ್ಯಾಟಿನ ಎರಡು ಹಳೆಯ ಸೀಲಿಂಗ್ ಫ್ಯಾನು, 50 ವ್ಯಾಟಿನ ಟಿವಿ, ವೈಫೈ ರೂಟರ್ ಮತ್ತು ಫೈಬರ್ ಡಬ್ಬಿ ಸೇರಿ 12 ವ್ಯಾಟ್. ಒಟ್ಟು 248 ವ್ಯಾಟ್. ಬ್ಯಾಟರಿಯಲ್ಲಿ 12 ಗುಣಿಸು 150, ಅಂದರೆ 1800 ವ್ಯಾಟ್-ಅವರ್. 1800ನ್ನು 248ರಿಂದ ಭಾಗಿಸಿದರೆ ಏಳೂಕಾಲು ಗಂಟೆ. ಅಂಗಡಿಯ ಉತ್ತರ ಬರುವುದು ಹೀಗೆ.

ಈಗ ಆ 1800ನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ಯಾಟರಿಯ ಲೇಬಲ್ಲಿನಲ್ಲಿ 150 ಎಎಚ್ ಎಂಬುದರ ಪಕ್ಕದಲ್ಲಿ ಸಾಮಾನ್ಯವಾಗಿ ಸಿ20 ಎಂದು ಸಣ್ಣದಾಗಿ ಬರೆದಿರುತ್ತದೆ. ಹೊಸ ಬ್ಯಾಟರಿಯಿಂದ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ, ಏಳೂವರೆ ಆಂಪಿಯರಿನಂತೆ ಎಳೆದರೆ 150 ಎಎಚ್ ಸಿಗುತ್ತದೆ ಎಂಬುದು ಅದರ ಅರ್ಥ. ಏಳೂವರೆ ಆಂಪಿಯರ್ ಅಂದರೆ ಬರೇ 90 ವ್ಯಾಟ್. ನಮ್ಮ ಮನೆ ಸಂಜೆ ಎಳೆಯುವುದು ಅದರ ಮೂರು ಪಟ್ಟಿಗೂ ಹೆಚ್ಚು.

ಬೇಗ ಎಳೆದರೆ ಕಡಿಮೆ ಸಿಗುವುದಕ್ಕೆ ಕಾರಣ ಪ್ಲೇಟುಗಳ ಒಳಗಿದೆ. ಸೀಸದ ಪ್ಲೇಟಿನ ತುಂಬ ಸೂಕ್ಷ್ಮ ರಂಧ್ರಗಳು. ಕರೆಂಟು ಹುಟ್ಟುವುದು ಆ ರಂಧ್ರಗಳಲ್ಲಿರುವ ಆಸಿಡ್ ಖರ್ಚಾಗುವುದರಿಂದ. ಖರ್ಚಾದಷ್ಟು ಆಸಿಡ್ ಹೊರಗಿನಿಂದ ಒಳಗೆ ಹರಿದು ಬರಲು ಸಮಯ ಬೇಕು. ನಾವು ಜೋರಾಗಿ ಎಳೆದರೆ ಒಳಗಿನ ಆಸಿಡ್ ತೆಳ್ಳಗಾಗಿ ವೋಲ್ಟೇಜು ಬೇಗ ಬಿದ್ದುಬಿಡುತ್ತದೆ. ಹತ್ತೂವರೆ ವೋಲ್ಟಿನ ಆಸುಪಾಸಿಗೆ ಬಂದೊಡನೆ ಇನ್ವರ್ಟರ್ ‘ಬ್ಯಾಟರಿ ಲೋ’ ಎಂದು ಕೈಬಿಡುತ್ತದೆ. ಬ್ಯಾಟರಿಯಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ, ಆದರೆ ನಮ್ಮ ಕೈಗೆ ಸಿಗುವುದಿಲ್ಲ. ಇನ್ವರ್ಟರ್ ಆಫ್ ಆಗಿ ಅರ್ಧ ಗಂಟೆ ಕಳೆದು ಮತ್ತೆ ಸ್ವಿಚ್ ಒತ್ತಿದರೆ ಎರಡು ಬಲ್ಬು ಹತ್ತಿಪ್ಪತ್ತು ನಿಮಿಷ ಉರಿಯುವುದನ್ನು ನೀವೂ ನೋಡಿರಬಹುದು. ಆ ಅರ್ಧ ಗಂಟೆಯಲ್ಲಿ ಆಸಿಡ್ ಮೆಲ್ಲಗೆ ಒಳಗೆ ಇಳಿದಿರುತ್ತದೆ. ಈ ಸಂಬಂಧವನ್ನು 1897ರಲ್ಲಿ ಲೆಕ್ಕಕ್ಕೆ ತಂದವರು ಜರ್ಮನಿಯ ವಿಲ್ಹೆಲ್ಮ್ ಪೊಯ್ಕರ್ಟ್. ಟ್ಯೂಬುಲರ್ ಬ್ಯಾಟರಿಗೆ ಅವರ ಸೂತ್ರ ಹಚ್ಚಿದರೆ, ಹೊಸ 150 ಎಎಚ್ ಬ್ಯಾಟರಿ 15 ಆಂಪಿಯರಿನಂತೆ ಎಳೆದಾಗ ಸುಮಾರು 130 ಎಎಚ್, 25 ಆಂಪಿಯರಿನಂತೆ ಎಳೆದಾಗ ಸುಮಾರು 118 ಎಎಚ್ ಕೊಡುತ್ತದೆ.

ಮೇಲಾಗಿ ನಮ್ಮ ಬ್ಯಾಟರಿ ಹೊಸದಲ್ಲ. ಎರಡು ವರ್ಷ ಚೆನ್ನಾಗಿ ನೋಡಿಕೊಂಡ ಬ್ಯಾಟರಿಗೆ ಶೇಕಡ 85ರಷ್ಟು ತಾಕತ್ತು ಉಳಿದಿದೆ ಎಂದು ಹಿಡಿಯಬಹುದು. ಇದು ಅಂದಾಜು ಮಾತ್ರ. ಡಿಸ್ಟಿಲ್ಡ್ ವಾಟರ್ ಹಾಕಲು ಮರೆತು ಪ್ಲೇಟು ಒಣಗಿಸಿದ್ದರೆ ಅರ್ಧವೂ ಉಳಿದಿರಲಿಕ್ಕಿಲ್ಲ. ನಮ್ಮ ಮನೆಯ ಲೆಕ್ಕಕ್ಕೆ 118ರಲ್ಲಿ ಶೇಕಡ 85 ಅಂದರೆ ಹತ್ತಿರ ಹತ್ತಿರ 100 ಎಎಚ್. ಅಂದರೆ 1800 ಅಲ್ಲ, 1200 ವ್ಯಾಟ್-ಅವರ್.

ಇಲ್ಲಿಯವರೆಗೆ ಬ್ಯಾಟರಿ ಕೊಡುವ ಲೆಕ್ಕವಾಯಿತು. ಇನ್ನು ಇನ್ವರ್ಟರ್ ತಿನ್ನುವ ಲೆಕ್ಕ.

ಇನ್ವರ್ಟರಿನ ಕೆಲಸ 12 ವೋಲ್ಟಿನ ಡಿಸಿಯನ್ನು 230 ವೋಲ್ಟಿನ ಎಸಿ ಮಾಡುವುದು. ಆ ಕೆಲಸದಲ್ಲಿ ಎರಡು ಬಗೆಯ ನಷ್ಟವಿದೆ. ಒಂದು, ಲೋಡು ಹೆಚ್ಚಿದಂತೆ ಹೆಚ್ಚುವ ನಷ್ಟ. ಕೇಬಲ್, ಮಾಸ್‌ಫೆಟ್, ಟ್ರಾನ್ಸ್‌ಫಾರ್ಮರಿನ ತಂತಿ ಬಿಸಿಯಾಗುವುದು ಇದರಿಂದಲೇ. ಮನೆಬಳಕೆಯ ಇನ್ವರ್ಟರಿಗೆ ಇದನ್ನು ಲೋಡಿನ ಶೇಕಡ 15 ಎಂದು ಹಿಡಿದರೆ ಲೆಕ್ಕ ತೀರ ತಪ್ಪುವುದಿಲ್ಲ. ಇನ್ನೊಂದು, ಲೋಡು ಇರಲಿ ಬಿಡಲಿ ಇರುವ ನಷ್ಟ. ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುತ್ತ ಇಂಜಿನ್ ಆಫ್ ಮಾಡದೆ ನಿಂತ ಆಟೋ ಹಾಗೆ, ಒಂದು ಬಲ್ಬೂ ಉರಿಯದಿದ್ದರೂ ಇನ್ವರ್ಟರ್ ಓಡುತ್ತಲೇ ಇರುತ್ತದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಪಟ್ಟಿಗಳು ಸೆಕೆಂಡಿಗೆ ನೂರು ಸಲ ಕಾಂತವಾಗಿ ಮಗ್ಗುಲು ಬದಲಿಸುತ್ತಿರಬೇಕು, ಮಾಸ್‌ಫೆಟ್‌ಗಳು ತೆರೆದು ಮುಚ್ಚುತ್ತಿರಬೇಕು, ಕಂಟ್ರೋಲ್ ಬೋರ್ಡು ಮತ್ತು ಡಿಸ್‌ಪ್ಲೇ ಎಚ್ಚರವಾಗಿರಬೇಕು. 12 ವೋಲ್ಟಿನ ಮನೆ ಇನ್ವರ್ಟರುಗಳು ಇದಕ್ಕಾಗಿ ಸಾಮಾನ್ಯವಾಗಿ ಒಂದರಿಂದ ಎರಡು ಆಂಪಿಯರ್ ಎಳೆಯುತ್ತವೆ, ಅಂದರೆ 12ರಿಂದ 24 ವ್ಯಾಟ್. ಕೈಪಿಡಿಯಲ್ಲಿ ಇದನ್ನು ‘ನೋ ಲೋಡ್ ಕರೆಂಟ್’ ಎಂದು ಕೊಟ್ಟಿರುತ್ತಾರೆ. ಎಷ್ಟೋ ಕೈಪಿಡಿಗಳಲ್ಲಿ ಕೊಟ್ಟಿರುವುದೂ ಇಲ್ಲ. ನಮ್ಮ ಮನೆಗೆ ಒಂದೂವರೆ ಆಂಪಿಯರ್, 18 ವ್ಯಾಟ್ ಎಂದಿಟ್ಟುಕೊಳ್ಳೋಣ.

ಹಾಗಾದರೆ ಸಂಜೆಯ 248 ವ್ಯಾಟಿಗೆ ಬ್ಯಾಟರಿಯಿಂದ ಹೋಗುವುದೆಷ್ಟು? 248ನ್ನು 1.15ರಿಂದ ಗುಣಿಸಿದರೆ 285. ಅದಕ್ಕೆ 18 ಕೂಡಿಸಿದರೆ 303 ವ್ಯಾಟ್, ಸುಮಾರು 25 ಆಂಪಿಯರ್. 1200ನ್ನು 303ರಿಂದ ಭಾಗಿಸಿದರೆ ನಾಲ್ಕು ಗಂಟೆಗೂ ಒಂದೆರಡು ನಿಮಿಷ ಕಡಿಮೆ. ಅಂಗಡಿಯ ಏಳೂಕಾಲು ಗಂಟೆ ಇಲ್ಲಿ ನಾಲ್ಕಾಯಿತು.

ಸಂಜೆಯ ಈ ಲೆಕ್ಕದಲ್ಲಿ 18 ವ್ಯಾಟ್ ಅಷ್ಟೇನೂ ದೊಡ್ಡದಲ್ಲ, ನೂರಕ್ಕೆ ಆರು. ಅದರ ನಿಜರೂಪ ಕಾಣುವುದು ಲೋಡು ಇಳಿದ ಮೇಲೆ. ಎಲ್ಲರೂ ಮಲಗಿ, ಫ್ಯಾನೂ ಬೇಡವೆನಿಸಿ, ರೂಟರೊಂದೇ ಓಡುತ್ತಿದೆ ಎನ್ನಿ. 12 ವ್ಯಾಟಿನ ರೂಟರಿಗೆ ನಷ್ಟ ಸೇರಿ 14 ವ್ಯಾಟ್, ಇನ್ವರ್ಟರಿನ ಸ್ವಂತ ಖರ್ಚು 18, ಒಟ್ಟು 32. ಬ್ಯಾಟರಿಯಿಂದ ಹೋಗುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ವರ್ಟರಿಗೇ! ರೂಟರನ್ನೂ ಆಫ್ ಮಾಡಿ ಎಂಟು ಗಂಟೆ ನಿದ್ದೆ ಮಾಡಿದಿರಿ, ಇನ್ವರ್ಟರ್ ಮಾತ್ರ ಆನ್ ಇತ್ತು. ಆಗಲೂ 144 ವ್ಯಾಟ್-ಅವರ್ ಹೋಯಿತು, ಅಂದರೆ 12 ಎಎಚ್. ನಿಧಾನವಾಗಿ ಎಳೆದಾಗ ನಮ್ಮ ಹಳೆಯ ಬ್ಯಾಟರಿ ಕೊಡುವ 125 ಎಎಚ್‌ನಲ್ಲಿ ಸರಿಸುಮಾರು ಹತ್ತನೇ ಒಂದು ಪಾಲು ಯಾವ ಬಲ್ಬನ್ನೂ ಉರಿಸದೆ, ಯಾವ ಫ್ಯಾನನ್ನೂ ತಿರುಗಿಸದೆ ಹೋಯಿತು. ಎರಡು ಮೂರು ದಿನ ಕರೆಂಟು ಬಾರದ ಮಲೆನಾಡಿನ ಮನೆಗಳಲ್ಲಿ ಈ ಹತ್ತನೇ ಪಾಲಿಗೆ ಬೆಲೆ ಬಹಳ. ಯಾವ ಲೋಡೂ ಬೇಡದ ಹೊತ್ತಿನಲ್ಲಿ ಇನ್ವರ್ಟರಿನ ಮುಂಭಾಗದ ಸ್ವಿಚ್ಚನ್ನೇ ಆಫ್ ಮಾಡಿ. ರೂಟರ್ ಮಾತ್ರ ಬೇಕಿದ್ದರೆ, ಅದಕ್ಕೆ ನೇರವಾಗಿ ಡಿಸಿ ಕೊಡುವ ಸಣ್ಣ ರೂಟರ್ ಯುಪಿಎಸ್ ಇಟ್ಟುಕೊಳ್ಳುವುದು ಜಾಣತನ. ಎಸಿ ಮಾಡಿ ಮತ್ತೆ ಡಿಸಿ ಮಾಡುವ ಸುತ್ತುದಾರಿಯೇ ಅಲ್ಲಿರುವುದಿಲ್ಲ.

ದೊಡ್ಡ ಇನ್ವರ್ಟರ್ ತಂದರೆ ಹೆಚ್ಚು ಹೊತ್ತು ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ವಿಎ ಸಂಖ್ಯೆ ಹೇಳುವುದು ಒಂದೇ ಹೊತ್ತಿಗೆ ಎಷ್ಟು ಲೋಡು ಹೊರಬಲ್ಲದು ಎಂಬುದನ್ನು. ಎಷ್ಟು ಗಂಟೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬದಲಿಗೆ ಇನ್ವರ್ಟರ್ ದೊಡ್ಡದಾದಂತೆ ಟ್ರಾನ್ಸ್‌ಫಾರ್ಮರೂ ದೊಡ್ಡದು, ಸ್ವಂತ ಖರ್ಚೂ ದೊಡ್ಡದು. ಸೋಲಾರ್ ಜೊತೆ ಹಾಕುವ ಐದು ಕಿಲೋವ್ಯಾಟ್ ಹೈಬ್ರಿಡ್ ಇನ್ವರ್ಟರುಗಳಲ್ಲಿ 50 ವ್ಯಾಟ್ ಸ್ವಂತ ಖರ್ಚು ಅಪರೂಪವೇನಲ್ಲ. ಅದು ದಿನಕ್ಕೆ 1200 ವ್ಯಾಟ್-ಅವರ್. ನಮ್ಮ ಉಡುಪಿ ಮನೆಯ ಬ್ಯಾಟರಿ ಸಂಜೆಯ ಲೋಡಿಗೆ ಕೊಡುವುದೇ ಅಷ್ಟು.

ಮತ್ತೆ ಆ ಮನೆಗೆ ಬರೋಣ. ಏಳು ಗಂಟೆಗೆ ಕರೆಂಟು ಹೋಯಿತು, ಹತ್ತರವರೆಗೆ ಟಿವಿ, ಬಲ್ಬು, ಎರಡೂ ಫ್ಯಾನು. ಮೂರು ಗಂಟೆಗೆ 909 ವ್ಯಾಟ್-ಅವರ್ ಖಾಲಿ. ಹತ್ತರ ನಂತರ ಎರಡು ಫ್ಯಾನು ಮತ್ತು ರೂಟರ್: 162 ವ್ಯಾಟಿನ ಲೋಡು, ನಷ್ಟವೆಲ್ಲ ಸೇರಿ 204. ಸರಾಸರಿ ಎಳೆತ ಸ್ವಲ್ಪ ಇಳಿದಿರುವುದರಿಂದ ಬ್ಯಾಟರಿಯಿಂದ ಒಟ್ಟು 1230ರಷ್ಟು ಸಿಗಬಹುದು. ಉಳಿದ 320 ವ್ಯಾಟ್-ಅವರ್ ಒಂದೂವರೆ ಗಂಟೆಗೆ ಮುಗಿಯುತ್ತದೆ. ಹನ್ನೊಂದೂವರೆಗೆ ಇನ್ವರ್ಟರ್ ಕೂಗಿದ್ದು ಅದಕ್ಕೇ.

ಇದೇ ಮನೆಯಲ್ಲಿ ಹಳೆಯ ಫ್ಯಾನುಗಳ ಜಾಗದಲ್ಲಿ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿ, ಬೇರೇನೂ ಬದಲಿಸದೆ ಲೆಕ್ಕ ಮಾಡಿ. ಸಂಜೆಯ ಲೋಡು 158ಕ್ಕೆ ಇಳಿಯುತ್ತದೆ, ಬ್ಯಾಟರಿಯಿಂದ ಹೋಗುವುದು 200 ವ್ಯಾಟ್. ಮೂರು ಗಂಟೆಗೆ 600. ರಾತ್ರಿಯ ಲೋಡು 72, ಬ್ಯಾಟರಿಯಿಂದ 101 ವ್ಯಾಟ್. ನಿಧಾನವಾಗಿ ಎಳೆಯುತ್ತಿರುವುದರಿಂದ ಅದೇ ಹಳೆಯ ಬ್ಯಾಟರಿ ಈಗ 1400 ವ್ಯಾಟ್-ಅವರ್‌ವರೆಗೆ ಕೊಡುತ್ತದೆ. ಉಳಿದ 800ರಲ್ಲಿ ಹೆಚ್ಚುಕಡಿಮೆ ಎಂಟು ಗಂಟೆ ಓಡಬಹುದು, ಅಂದರೆ ಬೆಳಗಿನ ಆರರ ಹತ್ತಿರಕ್ಕೆ. ಲೋಡು ಇಳಿಸುವುದರಲ್ಲಿ ಎರಡು ಲಾಭವಿದೆ: ಖರ್ಚೂ ಇಳಿಯುತ್ತದೆ, ಬ್ಯಾಟರಿ ಕೊಡುವುದೂ ಹೆಚ್ಚುತ್ತದೆ.

ಈ ಲೆಕ್ಕವನ್ನು ನಿಮ್ಮ ಮನೆಗೆ ಹೊಂದಿಸಲು ನಿಮ್ಮದೇ ಸಂಖ್ಯೆಗಳು ಬೇಕು. ಲೋಡನ್ನು ಅಳೆಯಲು ಮನೆಯ ಕರೆಂಟು ಮೀಟರೇ ಸಾಕು. ಅದರ ಮೇಲೊಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಪಕ್ಕದಲ್ಲಿ 3200 imp/kWh ಎಂದೋ ಬೇರೆ ಸಂಖ್ಯೆಯೋ ಇರುತ್ತದೆ. ಒಂದು ಯೂನಿಟ್ಟಿಗೆ ಅಷ್ಟು ಸಲ ಮಿಣುಕುತ್ತದೆ ಎಂದರ್ಥ. ಬ್ಯಾಟರಿ ಪೂರ್ತಿ ಚಾರ್ಜಾಗಿರುವಾಗ ಇನ್ವರ್ಟರಿಗೆ ಬರುವ ಮೇನ್ ಆಫ್ ಮಾಡಿ, ಫ್ರಿಜ್ಜು, ಗೀಸರುಗಳನ್ನೂ ಆಫ್ ಮಾಡಿ. ಅಳೆಯಬೇಕಾದ ಫ್ಯಾನನ್ನೋ ಟಿವಿಯನ್ನೋ ಇನ್ವರ್ಟರ್ ಲೈನಿನಲ್ಲಿಲ್ಲದ ಪಾಯಿಂಟಿನಿಂದ ಓಡಿಸಿ. ಒಂದು ಮಿಣುಕಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಎಂದು ನೋಡಿ. 3200ರ ಮೀಟರಾದರೆ 1125ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಹದಿನೈದು ಸೆಕೆಂಡಿಗೊಮ್ಮೆ ಮಿಣುಕಿದರೆ 75 ವ್ಯಾಟ್. ಫ್ಯಾನಿನ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಇದು ನಂಬಲರ್ಹ, ಏಕೆಂದರೆ ನೀವು ರಾತ್ರಿ ಓಡಿಸುವ ಸ್ಪೀಡಿನಲ್ಲೇ ಅಳೆಯುತ್ತೀರಿ.

ಇನ್ವರ್ಟರಿನ ಸ್ವಂತ ಖರ್ಚು ಈ ಮೀಟರಿನಲ್ಲಿ ಕಾಣದು. ಅದಕ್ಕೆ ಎಲೆಕ್ಟ್ರಿಷಿಯನ್‌ಗೆ ಡಿಸಿ ಅಳೆಯುವ ಕ್ಲಾಂಪ್ ಮೀಟರ್ ತರಲು ಹೇಳಿ. ಅಗ್ಗದ ಕ್ಲಾಂಪ್ ಮೀಟರುಗಳು ಎಸಿ ಮಾತ್ರ ತೋರಿಸುತ್ತವೆ, ಬ್ಯಾಟರಿಯ ಕೇಬಲಿಗೆ ಹಾಕಿದರೆ ಸೊನ್ನೆ ಎನ್ನುತ್ತವೆ. ಮೇನ್ ಆಫ್ ಮಾಡಿ, ಮನೆಗೆ ಹೋಗುವ ಇನ್ವರ್ಟರ್ ಲೈನಿನ ಎಂಸಿಬಿಯನ್ನೂ ಇಳಿಸಿ, ಬ್ಯಾಟರಿಯ ಒಂದು ಕೇಬಲಿನ ಸುತ್ತ ಕ್ಲಾಂಪ್ ಹಾಕಿದರೆ ಖಾಲಿ ಓಡುವ ಇನ್ವರ್ಟರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಆ ಸಂಖ್ಯೆಯನ್ನು ಹನ್ನೆರಡರಿಂದ ಗುಣಿಸಿ. ಸಾಮಾನ್ಯ ಮಲ್ಟಿಮೀಟರನ್ನು ಕೇಬಲ್ ಬಿಚ್ಚಿ ಮಧ್ಯೆ ಸಿಕ್ಕಿಸಲು ಹೋಗಬೇಡಿ. ಇನ್ವರ್ಟರಿನ ಕೆಪಾಸಿಟರುಗಳು ತುಂಬಿಕೊಳ್ಳುವ ಆ ಕ್ಷಣದ ಕರೆಂಟು ಮೀಟರಿನ ಫ್ಯೂಸ್ ಸುಡುತ್ತದೆ, ಟರ್ಮಿನಲ್ಲಿನಲ್ಲಿ ಕಿಡಿಯೂ ಹಾರುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಅದರ ಪಕ್ಕ ಕಿಡಿ ಸಲ್ಲದು.

ಬ್ಯಾಟರಿಗೆ ಉಳಿದಿರುವ ತಾಕತ್ತನ್ನು ತಿಳಿಯಲು ಓಡಿಸಿ ನೋಡುವುದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕರೆಂಟು ಖಚಿತವಾಗಿರುವ ಒಂದು ಭಾನುವಾರ, ಹಿಂದಿನ ರಾತ್ರಿಯೆಲ್ಲ ಚಾರ್ಜ್ ಆದ ಬ್ಯಾಟರಿಯ ಮೇನ್ ಆಫ್ ಮಾಡಿ, ವ್ಯಾಟ್ ಗೊತ್ತಿರುವ ಲೋಡನ್ನು ಬದಲಿಸದೆ ಓಡಿಸಿ. ಇನ್ವರ್ಟರ್ ಕೂಗುವ ಹೊತ್ತಿಗೆ ಗಡಿಯಾರ ನೋಡಿ ಮೇನ್ ಆನ್ ಮಾಡಿಬಿಡಿ. ಲೋಡನ್ನು 1.15ರಿಂದ ಗುಣಿಸಿ, ಸ್ವಂತ ಖರ್ಚು ಕೂಡಿಸಿ, ಗಂಟೆಗಳಿಂದ ಗುಣಿಸಿದರೆ ನಿಮ್ಮ ಬ್ಯಾಟರಿ ನಿಜವಾಗಿ ಕೊಡುವ ವ್ಯಾಟ್-ಅವರ್ ಸಿಕ್ಕಿತು. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಮಾಡಿದರೆ ಸಾಕು. ಪದೇಪದೇ ಹೀಗೆ ಬರಿದು ಮಾಡಿದರೆ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ. ಲೆಕ್ಕಕ್ಕಿಂತ ತೀರ ಬೇಗ ಕೂಗಿದರೆ ಹೈಡ್ರೋಮೀಟರಿನಿಂದ ಆರೂ ಸೆಲ್ಲುಗಳನ್ನು ನೋಡಿಸಿ. ಪೂರ್ತಿ ಚಾರ್ಜಾದ ಟ್ಯೂಬುಲರ್ ಬ್ಯಾಟರಿಯಲ್ಲಿ ಅದು 1.240ರ ಆಸುಪಾಸು ತೋರಿಸಬೇಕು. ಐದು ಸೆಲ್ಲು ಸರಿಯಿದ್ದು ಒಂದು ಮಾತ್ರ ಕೆಳಗೆ ಬಿದ್ದಿದ್ದರೆ, ಇಡೀ ಬ್ಯಾಟರಿಯನ್ನು ಆ ಒಂದು ಸೆಲ್ಲು ನಿಲ್ಲಿಸುತ್ತಿದೆ ಎಂದರ್ಥ. ಟರ್ಮಿನಲ್ಲಿನ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೊದಲು ಅದನ್ನು ತೆಗೆಸಿ, ಅಲ್ಲಿ ಬೀಳುವ ವೋಲ್ಟೇಜೂ ಇನ್ವರ್ಟರನ್ನು ಬೇಗ ಕೂಗಿಸುತ್ತದೆ.

ಲೆಕ್ಕ ಸರಿಯಿದ್ದೂ ರಾತ್ರಿ ಕೈಕೊಡುವ ಸಂದರ್ಭ ಒಂದಿದೆ. ಮಳೆಗಾಲದಲ್ಲಿ ಕರೆಂಟು ಒಮ್ಮೆ ಹೋಗಿ ಸುಮ್ಮನಾಗುವುದಿಲ್ಲ. ಹೋಗುತ್ತದೆ, ಎರಡು ಗಂಟೆ ಬರುತ್ತದೆ, ಮತ್ತೆ ಹೋಗುತ್ತದೆ. ಮನೆ ಇನ್ವರ್ಟರಿನ ಚಾರ್ಜರ್ 12 ಆಂಪಿಯರ್ ತುಂಬುತ್ತದೆ ಎನ್ನಿ, ಎರಡು ಗಂಟೆಗೆ 24 ಎಎಚ್. ಅದರಲ್ಲಿ ನಮಗೆ ಮರಳಿ ಸಿಗುವುದು 20ರಷ್ಟು. ಬರಿದಾದ ನಮ್ಮ ಬ್ಯಾಟರಿ ಮತ್ತೆ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಅಂಥ ದಿನ ಪೂರ್ತಿ ಬ್ಯಾಟರಿಯ ಲೆಕ್ಕ ಹಿಡಿದು ಕೂರಬಾರದು. ನಡುವೆ ಎಷ್ಟು ಗಂಟೆ ಕರೆಂಟಿತ್ತು ಎಂದು ಎಣಿಸಿ, ಗಂಟೆಗೆ 10 ಎಎಚ್, ಅಂದರೆ 120 ವ್ಯಾಟ್-ಅವರ್ ಮಾತ್ರ ಸೇರಿದೆ ಎಂದು ಹಿಡಿಯಿರಿ. ಬಿಎಲ್‌ಡಿಸಿ ಫ್ಯಾನಿನ ರಾತ್ರಿಗೆ ಅದು ಒಂದು ಗಂಟೆಗೂ ಸ್ವಲ್ಪ ಹೆಚ್ಚು. ಹಳೆಯ ಫ್ಯಾನಿನ ರಾತ್ರಿಗೆ ಅರ್ಧ ಗಂಟೆ ಚಿಲ್ಲರೆ.

ಲಿಥಿಯಂ ಬ್ಯಾಟರಿ ಕೊಂಡವರಿಗೆ ಈ ಲೆಕ್ಕದ ಮೊದಲ ಭಾಗ ಹಗುರವಾಗುತ್ತದೆ. 12.8 ವೋಲ್ಟಿನ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ 1280 ವ್ಯಾಟ್-ಅವರ್‌ನಲ್ಲಿ ಹೆಚ್ಚಿನದು ಬೇಗ ಎಳೆದರೂ ಸಿಗುತ್ತದೆ, ಬೇಗ ತುಂಬಿಯೂ ಕೊಳ್ಳುತ್ತದೆ. ಎರಡನೇ ಭಾಗ ಮಾತ್ರ ಹಾಗೆಯೇ ಇರುತ್ತದೆ. ಇನ್ವರ್ಟರಿನ ಸ್ವಂತ ಖರ್ಚಿಗೆ ಬ್ಯಾಟರಿ ಯಾವುದಾದರೇನು?

ಬ್ಯಾಕಪ್ ಸಾಲುತ್ತಿಲ್ಲ ಎಂದೊಡನೆ ಹಳೆಯ ಬ್ಯಾಟರಿಯ ಪಕ್ಕ ಹೊಸದೊಂದನ್ನು ಜೋಡಿಸುವ ಸಲಹೆ ಬರುತ್ತದೆ. ಒಪ್ಪಬೇಡಿ. ಹಳೆಯದೂ ಹೊಸದೂ ಒಟ್ಟಿಗೆ ಸಮನಾಗಿ ಕೊಡುವುದೂ ಇಲ್ಲ, ತುಂಬಿಕೊಳ್ಳುವುದೂ ಇಲ್ಲ. ಹಳೆಯದು ಹೊಸದನ್ನೂ ಕೆಡಿಸುತ್ತದೆ. ಎರಡು ಬಿಎಲ್‌ಡಿಸಿ ಫ್ಯಾನಿನ ಬೆಲೆ ಒಂದು ಟ್ಯೂಬುಲರ್ ಬ್ಯಾಟರಿಯ ಬೆಲೆಗಿಂತ ಬಹಳ ಕಡಿಮೆ. ದುಡ್ಡು ಹಾಕುವುದಿದ್ದರೆ ಮೊದಲು ಫ್ಯಾನಿಗೆ ಹಾಕಿ.